ಕುರುಕ್ಷೇತ್ರದ ಕೀಬೋರ್ಡು: ನಿಂತ ಬಾಸ್, ಸರಿಯುವ ಕಾರ್ಡು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇನ್ನೂ ಗಟ್ಟಿಯಾಗಿ ಉಳಿದಿದೆ. ಊರಿನವರೇ ಪಾತ್ರ ಹಂಚಿಕೊಂಡು, ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಮಟ್ಟು ಕಲಿತು, ಸೀನರಿ ಬಾಡಿಗೆಗೆ ತಂದು ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ಹಾರ್ಮೋನಿಯಂ ಪಕ್ಕದಲ್ಲಿ ಈಗ ಕೀಬೋರ್ಡೂ ಕೂತಿದೆ. ಪರದೆ ಏಳುವ ಮೊದಲು, ಭೀಮನೋ ದುರ್ಯೋಧನನೋ ಗದೆ ಹೊತ್ತು ಬರುವ ಮೊದಲು, ಬರೀ ವಾದ್ಯಗಳ ಒಂದು ತುಂಡು ಬರುತ್ತದೆ. ಜನ ಮಾತು ನಿಲ್ಲಿಸಿ ರಂಗದ ಕಡೆ ತಿರುಗಬೇಕಾದದ್ದು ಆಗಲೇ. ಆ ತುಂಡಿನಲ್ಲಿ ಕೀಬೋರ್ಡಿನವರು ಇತ್ತೀಚೆಗೆ ಹೆಚ್ಚಾಗಿ ಬಳಸುತ್ತಿರುವ ಪೆಡಲ್ ಪಾಯಿಂಟನ್ನು ಇಲ್ಲಿ ನೋಡುತ್ತಿದ್ದೇನೆ. ಕೆಳಗೆ ಒಂದೇ ಬಾಸ್ ಸ್ವರ ಅಲುಗಾಡದೆ ನಿಂತಿರುತ್ತದೆ, ಮೇಲೆ ಕಾರ್ಡುಗಳು ಬದಲಾಗುತ್ತಾ ಹೋಗುತ್ತವೆ. ಉಪಾಯ ಒಳ್ಳೆಯದು. ಆದರೆ ಬಹುಪಾಲು ರಂಗದಲ್ಲಿ ಅದನ್ನು ತಪ್ಪು ಸ್ವರದ ಮೇಲೆ ನಿಲ್ಲಿಸುತ್ತಿದ್ದಾರೆ ಎಂಬುದು ನನ್ನ ದೂರು.

ನಿಲ್ಲಿಸುವುದು ಷಡ್ಜದ ಮೇಲೆ. ಶ್ರುತಿ ಬಿಳಿ ಒಂದು ಎಂದಿಟ್ಟುಕೊಳ್ಳಿ. ಎಡಗೈ ಕೆಳಗಿನ ಸ ಹಿಡಿಯುತ್ತದೆ. ಬಲಗೈ ಮೊದಲು ಸ, ಕೋಮಲ ಗ, ಪ ಒತ್ತುತ್ತದೆ; ಆಮೇಲೆ ಮ, ಕೋಮಲ ದ, ಸ; ಆಮೇಲೆ ಕೋಮಲ ದ, ಸ, ಕೋಮಲ ಗ. ಈ ಮೂರು ಕಾರ್ಡುಗಳನ್ನು ಗಮನಿಸಿ, ಮೂರರ ಹೊಟ್ಟೆಯಲ್ಲೂ ಷಡ್ಜ ಇದೆ. ಕೆಳಗಿನ ಸ ಯಾವುದರ ಜೊತೆಗೂ ಜಗಳವಾಡುವುದಿಲ್ಲ. ಬಣ್ಣ ಬದಲಾಗುತ್ತದೆ, ಕಳವಳ ಹುಟ್ಟುವುದಿಲ್ಲ. ಮೇಲಾಗಿ ನಮ್ಮ ಕಿವಿಗೆ ನಿಂತ ಷಡ್ಜ ಹೊಸದೇನಲ್ಲ. ಈ ಸೀಮೆಯಲ್ಲಿ ನೀಲಗಾರರ ತಂಬೂರಿ ಕೇಳಿ ಬೆಳೆದವರಿಗೆ, ಓಲಗದಲ್ಲಿ ನಾಗಸ್ವರದ ಪಕ್ಕ ಒತ್ತು ಹಿಡಿದದ್ದನ್ನು ಕೇಳಿದವರಿಗೆ, ಸ ನಿಂತಿತು ಅಂದರೆ ಎಲ್ಲವೂ ಸರಿಯಾಗಿದೆ ಎಂದೇ ಅರ್ಥ. ಅದು ನೆಲೆ. ನೆಲೆಯ ಮೇಲೆ ಕೂರಿಸಿ ಗಾಬರಿ ಹುಟ್ಟಿಸಲು ಹೊರಟರೆ ಆಗುವುದಿಲ್ಲ. ಆಗ ವಾದಕರು ಸದ್ದು ಏರಿಸುತ್ತಾರೆ, ಪ್ಯಾಡಿನವರು ಗುಡುಗು ಬಾರಿಸುತ್ತಾರೆ. ಜನ ತಿರುಗಿ ನೋಡುವುದು ಸದ್ದಿಗೇ ಹೊರತು ಸಂಗೀತಕ್ಕಲ್ಲ.

ಅದೇ ಕಾರ್ಡುಗಳನ್ನು ಪಂಚಮದ ಮೇಲೆ ಕೂರಿಸಿ ನೋಡಿ. ಎಡಗೈ ಪ ಹಿಡಿಯಲಿ. ಸ, ಕೋಮಲ ಗ, ಪ ಬಂದಾಗ ಏನೋ ಅರ್ಧಕ್ಕೆ ನಿಂತ ಹಾಗಿರುತ್ತದೆ. ಮನೆ ಕಾಣುತ್ತಿದೆ, ಒಳಗೆ ಹೋಗಿಲ್ಲ. ಮ, ಕೋಮಲ ದ, ಸ ಬಂದ ತಕ್ಷಣ ಕೋಮಲ ದ ಕೆಳಗಿನ ಪಂಚಮಕ್ಕೆ ಅರ್ಧ ಸ್ವರದಷ್ಟೇ ದೂರದಲ್ಲಿ ಉಜ್ಜುತ್ತದೆ. ಕಿವಿ ಇಲ್ಲೇ ಬಿಗಿಯುತ್ತದೆ. ಮುಂದೆ ಶುದ್ಧ ನಿ, ರಿ, ಮ ಬಂದರೆ ಘರ್ಷಣೆ ಇರುವುದಿಲ್ಲ, ಆದರೆ ನಿಷಾದ ಮೇಲಿನ ಷಡ್ಜಕ್ಕೆ ಜಗ್ಗುತ್ತಿರುತ್ತದೆ. ಪರದೆ ಎದ್ದ ಗಳಿಗೆಗೆ ಸರಿಯಾಗಿ ಬಾಸ್ ಪದಿಂದ ಸಕ್ಕೆ ಬಿದ್ದರೆ, ಪ್ಯಾಡಿನ ಒಂದೇ ಹೊಡೆತ ಸಾಕು.

ಇದನ್ನು ಅತ್ಯಂತ ಸರಳವಾಗಿ ಕಲಿಸುವ ಕೃತಿ ಬಾಖ್ ಬರೆದದ್ದು, 1722ರ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಸಂಗ್ರಹದ ಮೊದಲ ಪ್ರಿಲ್ಯೂಡ್. ಕೀಬೋರ್ಡ್ ಕಲಿಯುವ ಎಷ್ಟೋ ಮಕ್ಕಳು ನುಡಿಸುವ ತುಣುಕು ಅದು. ಒಟ್ಟು 35 ಬಾರ್. 24ರಿಂದ 31ನೇ ಬಾರಿನವರೆಗೆ, ಎಂಟು ಬಾರ್ ಪೂರ್ತಿ, ಬಾಸ್ ಪಂಚಮ ಬಿಟ್ಟು ಕದಲುವುದಿಲ್ಲ. 32ರಲ್ಲಿ ಷಡ್ಜಕ್ಕೆ ಇಳಿದು ಕೊನೆಯ ನಾಲ್ಕು ಬಾರ್ ಅಲ್ಲೇ ಇರುತ್ತದೆ. ಪಂಚಮದ ಎಂಟು ಬಾರ್ ಕಾಯಿಸುತ್ತವೆ, ಷಡ್ಜದ ನಾಲ್ಕು ಬಾರ್ ಸಮಾಧಾನ ಮಾಡುತ್ತವೆ. ನಮ್ಮ ಕೀಬೋರ್ಡಿನವರು ಷಡ್ಜದಿಂದ ಮಾಡಿಸಲು ಹೊರಟ ಕೆಲಸವನ್ನು ಬಾಖ್ ಪಂಚಮಕ್ಕೆ ಒಪ್ಪಿಸಿದ್ದಾನೆ.

ಆ ಎಂಟು ಬಾರುಗಳೊಳಗೆ ಇನ್ನೊಂದು ಜಾಣತನವಿದೆ. ಎಲ್ಲಕ್ಕಿಂತ ಕಟುವಾದ ಕಾರ್ಡು ಕೊನೆಯಲ್ಲಿ ಬರುವುದಿಲ್ಲ, 28ನೇ ಬಾರಿನಲ್ಲಿ ಬರುತ್ತದೆ, ಅಂದರೆ ಎಂಟರಲ್ಲಿ ಐದನೆಯದು. ಪಂಚಮದ ಮೇಲೆ ಕೋಮಲ ಗ, ದ, ಸ, ಮೇಲೆ ತೀವ್ರ ಮ. ಆ ತೀವ್ರ ಮಧ್ಯಮ ಬಾಸ್ ಸ್ವರದ ನೆರೆಮನೆಯದೇ, ಅದಕ್ಕೇ ಅಷ್ಟು ಚುಚ್ಚುತ್ತದೆ. ಆಮೇಲಿನ ಮೂರು ಬಾರಿನಲ್ಲಿ ಚುಚ್ಚು ಕಡಿಮೆಯಾಗುತ್ತದೆ, ಕಾಯುವಿಕೆ ಮಾತ್ರ ಉಳಿಯುತ್ತದೆ. ನಮ್ಮ ನಾಟಕಗಳಲ್ಲಿ ಹೀಗಾಗುವುದಿಲ್ಲ. ಕರ್ಕಶ ಕಾರ್ಡನ್ನು ಪ್ರವೇಶದ ಹೊಸ್ತಿಲಿಗೇ ತಂದಿಡುತ್ತಾರೆ. ಪಾತ್ರಧಾರಿ ಬಾಯಿ ತೆರೆಯುವ ಹೊತ್ತಿಗೆ ಅವರ ಕಿವಿಯಲ್ಲಿ ಆ ಕರ್ಕಶವೇ ತುಂಬಿರುತ್ತದೆ.

ಪಂಚಮ ಹಿಡಿಯುವುದರಲ್ಲಿ ಅಪಾಯವಿಲ್ಲವೆಂದಲ್ಲ. ಬಹಳ ಹೊತ್ತು ಹಿಡಿದರೆ ಕಿವಿ ಅದನ್ನೇ ಷಡ್ಜವೆಂದು ನಂಬಿಬಿಡುತ್ತದೆ. ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದು ಬಂದು ರಾತ್ರಿ ದುರ್ಯೋಧನನಾಗುವ ಪಾತ್ರಧಾರಿ ಪದಿಂದಲೇ ಹಾಡು ಎತ್ತಿಕೊಂಡರೆ, ಮೇಲಿನ ಸ್ಥಾಯಿಗೆ ಹೋದಾಗ ಗಂಟಲು ಕಟ್ಟುತ್ತದೆ. ನಾಲ್ಕು ಎಣಿಕೆಯ ಎಂಟು ಸುತ್ತು ಸಾಕು. ನಿಮಿಷಕ್ಕೆ ನೂರು ಎಣಿಕೆಯ ನಡೆಯಲ್ಲಿ ಅದು ಇಪ್ಪತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ. ಬಾಸ್ ಷಡ್ಜಕ್ಕೆ ಇಳಿದ ಮೇಲೆ ಒಂದು ಸುತ್ತಾದರೂ ಅಲ್ಲೇ ನಿಂತು, ಹಾರ್ಮೋನಿಯಂ ಮೇಷ್ಟ್ರು ಸ-ಪ-ಸ ತೋರಿಸಿದ ಮೇಲೆ ಹಾಡು ಏಳಬೇಕು. ತಾಲೀಮಿನಲ್ಲಿ ಪರೀಕ್ಷೆ ಸುಲಭ: ವಾದ್ಯ ತಟ್ಟನೆ ನಿಲ್ಲಿಸಿ, ಪಾತ್ರಧಾರಿಗೆ ಸ ಹಾಡಲು ಹೇಳಿ. ಅವರು ಪ ಹಾಡಿದರೆ ಹಿಡಿತ ಉದ್ದವಾಯಿತೆಂದು ತಿಳಿಯಬೇಕು. ಇನ್ನೊಂದು, ಮುಂದಿನ ಹಾಡು ಮೋಹನದಂಥ ರಾಗದಲ್ಲಿದ್ದರೆ ಕೋಮಲ ಗ, ಕೋಮಲ ದ ಇರುವ ಕಾರ್ಡುಗಳು ರಾಗದ ಮುಖಕ್ಕೆ ಮಸಿ ಬಳಿಯುತ್ತವೆ. ಅಂಥ ಕಡೆ ಶುದ್ಧ ಗ, ಶುದ್ಧ ದ ಇರುವ ಕಾರ್ಡುಗಳೇ ಆಗಬೇಕು. ಉಜ್ಜಾಟ ಕಡಿಮೆಯಾಗುತ್ತದೆ, ಆದರೆ ಪಂಚಮದ ಜಗ್ಗಾಟವೊಂದೇ ಪ್ರವೇಶವನ್ನು ಹೊರುತ್ತದೆ.

ಕೆಲವು ಕಡೆ ತಪ್ಪು ಕೈಯದಲ್ಲ, ಯಂತ್ರದ್ದು. ಕೀಬೋರ್ಡಿನ ರಿದಮ್ ಸ್ಟೈಲ್ ಹಾಕಿ ಎಡಗೈಯಲ್ಲಿ ಕಾರ್ಡು ಒತ್ತಿದರೆ ಬಾಸ್ ತಾನಾಗಿ ಕಾರ್ಡಿನ ಹಿಂದೆ ಓಡುತ್ತದೆ. ನಿಂತ ಸ್ವರ ಎಂಬುದೇ ಇರುವುದಿಲ್ಲ. ವಾದಕರು ಪೆಡಲ್ ನುಡಿಸುತ್ತಿದ್ದೇನೆಂದು ನಂಬಿರುತ್ತಾರೆ, ಕೇಳುವವರಿಗೆ ಸಿಗುವುದು ಸಾದಾ ಕಾರ್ಡುಗಳ ಓಟ. ಆ ತುಂಡಿನ ಮಟ್ಟಿಗೆ ಸ್ಟೈಲ್ ನಿಲ್ಲಿಸಿ ಬಾಸನ್ನು ಬೆರಳಿನಿಂದಲೇ ಹಿಡಿಯುವುದು ನೇರ ದಾರಿ. ಕಾಲು ಹಾರ್ಮೋನಿಯಂ ಇರುವ ಕಡೆ ಅದರ ತುಳಿಮಣೆ ಗಾಳಿ ಊದುತ್ತದೆಯೇ ಹೊರತು ಆರ್ಗನ್ನಿನ ಪೆಡಲಿನಂತೆ ಸ್ವರ ಕೊಡುವುದಿಲ್ಲ. ಆದರೆ ಎರಡು ಕೈಯೂ ಬಿಡುವಾಗಿರುವುದರಿಂದ, ಎಡಗೈ ಪ ಹಿಡಿದು ಬಲಗೈ ಕಾರ್ಡು ಸರಿಸಲು ಅದಕ್ಕಿಂತ ಅನುಕೂಲದ ವಾದ್ಯವಿಲ್ಲ.

ಮೈಕ್ ಸೆಟ್ಟಿನ ವಿಷಯವನ್ನೂ ಹೇಳಬೇಕು. ಬಿಳಿ ಒಂದರ ಶ್ರುತಿಯಲ್ಲಿ ತೀರಾ ಕೆಳಗಿನ ಪಂಚಮ ಸುಮಾರು 98 ಹರ್ಟ್ಸ್. ಕಂಬಕ್ಕೆ ಕಟ್ಟಿದ ಹಾರ್ನಿನಲ್ಲಿ ಆ ಸ್ವರ ಬರುವುದೇ ಇಲ್ಲ. ರಂಗದ ಮುಂದೆ ಕೂತವರಿಗೆ ಪೆಡಲ್ ಕೇಳಿಸುತ್ತದೆ. ದೂರದಲ್ಲಿ ಚಾಪೆ ಹಾಸಿಕೊಂಡವರಿಗೆ ಬುಡವಿಲ್ಲದ ಕಾರ್ಡುಗಳು ಮಾತ್ರ. ಒಂದು ಸ್ಥಾಯಿ ಮೇಲೆ, 196 ಹರ್ಟ್ಸಿನ ಪಂಚಮವನ್ನೂ ಜೊತೆಗೆ ಒತ್ತಿದರೆ ಹಾರ್ನಿನಲ್ಲೂ ಅದರ ಗುರುತು ಸಿಗುತ್ತದೆ.

ಮಾಗಡಿ ಕಡೆಯ ಒಂದು ಊರಿನಲ್ಲಿ ಈ ಕೆಲಸವನ್ನು ಸರಿಯಾಗಿ ಮಾಡಿದ್ದು ಕೇಳಿದ್ದೇನೆ. ಗದಾಯುದ್ಧಕ್ಕೆ ಮೊದಲು ಕೀಬೋರ್ಡಿನ ಹುಡುಗ ಸ್ಟೈಲ್ ನಿಲ್ಲಿಸಿ, ಎರಡು ಸ್ಥಾಯಿಯಲ್ಲೂ ಪಂಚಮ ಹಿಡಿದ. ತಬಲಾ ಬರೀ ಎಣಿಕೆ ಹಾಕುತ್ತಿತ್ತು, ಪ್ಯಾಡು ಸುಮ್ಮನಿತ್ತು. ಕೋಮಲ ಧೈವತದ ಕಾರ್ಡನ್ನು ಅವನು ಒಂದೇ ಸಲ ಮುಟ್ಟಿ ಬಿಟ್ಟ. ಬಾಸ್ ಷಡ್ಜಕ್ಕೆ ಇಳಿದಾಗ ಭೀಮ ರಂಗದ ಮೇಲಿದ್ದ, ಸಭೆ ಆಗಲೇ ಸಿಳ್ಳೆ ಹಾಕುತ್ತಿತ್ತು. ಕನಕಪುರ, ಚನ್ನಪಟ್ಟಣದ ರಂಗಗಳಲ್ಲೂ ಇದು ಆಗಬೇಕು. ಅದಕ್ಕೆ ಹೊಸ ಕೀಬೋರ್ಡು ಬೇಡ. ನಾಟಕದ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ತಾಲೀಮಿನ ಕೊನೆಯ ವಾರ ಕೀಬೋರ್ಡಿನವರನ್ನೂ ಕರೆಸಿ, ಪ್ರತಿ ಪ್ರವೇಶದ ತುಂಡನ್ನೂ ಪಾತ್ರಧಾರಿಯ ಎದುರಿನಲ್ಲೇ ಕೂರಿಸಿ ಗಟ್ಟಿ ಮಾಡಿಸಿ.