ರಕ್ತದಲ್ಲಿತ್ತೋ, ರಿಜಿಸ್ಟರಿನಲ್ಲಿತ್ತೋ?

ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ಯಾವ ಊರಿನ ಟೀ ಅಂಗಡಿಯಲ್ಲಿ ಕೂತರೂ, ಕಳ್ಳತನದ ಸುದ್ದಿ ಬಂದಾಗ ಒಬ್ಬರಾದರೂ ಹೇಳ್ತಾರೆ: “ಅವ್ನ ರಕ್ತದಲ್ಲೇ ಅದೆ ಕಣ್ಲಾ.” ಹಿಂದೆಯೇ ಗಾದೆ, ಹುಟ್ಟುಗುಣ ಸುಟ್ಟರೂ ಹೋಗದು. ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲೂ ಇದೇ ಮಾತು ಸಿಗುತ್ತೆ. ಇಲ್ಲಿ ರಕ್ತ ಅನ್ನಲ್ಲ, ಜೀನ್ ಅಂತಾರೆ, ಅಷ್ಟೇ ವ್ಯತ್ಯಾಸ.

ಈ ಮಾತನ್ನು ಒಂದು ಕಾಲದಲ್ಲಿ ಸರ್ಕಾರವೇ ಕಾನೂನು ಮಾಡಿತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೇಳಿದ್ದಿಷ್ಟು: ಬಡಗಿಯ ಮಗ ಬಡಗಿಯಾಗುವ ಹಾಗೆ ಕೆಲವು ಜಾತಿಗಳಲ್ಲಿ ಕಳ್ಳತನ ಕುಲಕಸುಬು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಆಗ ಬಳ್ಳಾರಿಯೂ ಆ ಪ್ರಾಂತ್ಯದಲ್ಲೇ ಇತ್ತು. ಹೀಗೆ ಪಟ್ಟಿಗೆ ಸೇರಿದವರಲ್ಲಿ ಕೊರಚರೂ ಇದ್ದರು. ನಮ್ಮ ಕಡೆ ಮೊರ, ಬುಟ್ಟಿ ಹೆಣೆಯುವವರು ಅಂತ ಗೊತ್ತಿರುವ ಕೊರಮರ ನಂಟರೇ ಅವರು.

ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ 2001ರಲ್ಲಿ ಬರೆದ ಪುಸ್ತಕದಲ್ಲಿ ಈ ಜನ ಅದಕ್ಕೂ ಮೊದಲು ಏನು ಮಾಡ್ತಿದ್ದರು ಅಂತ ಹುಡುಕಿದ್ದಾರೆ. ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪು ಹೇರಿಕೊಂಡು ಒಳನಾಡಿಗೆ ಬಂದು ಮಾರೋರು, ವಾಪಸ್ ಹೋಗುವಾಗ ಧಾನ್ಯ ಒಯ್ಯೋರು. ರೈಲು ಬಂತು, ಸಾಗಣೆ ಹೋಯ್ತು. ಉಪ್ಪು ಸರ್ಕಾರದ ಹಿಡಿತಕ್ಕೆ ಸೇರಿತು, ವ್ಯಾಪಾರವೂ ಹೋಯ್ತು. ಅರಣ್ಯ ಕಾನೂನು ಬಂದ ಮೇಲೆ ಬುಟ್ಟಿಗೆ ಬಿದಿರು ಕಡಿಯೋದೇ ಅಪರಾಧವಾಯ್ತು. ನಿನ್ನೆಯ ಕಸುಬು ಇವತ್ತು ಕಳ್ಳತನ. ಸರ್ಕಾರಿ ಆದೇಶ ಹೊರಟ ದಿನ ಯಾರ ಜೀನೂ ಬದಲಾಗಿರಲಿಲ್ಲ ಅಲ್ವಾ?

ಇನ್ನು ಕಾಯ್ದೆ ಕೆಲಸ ಮಾಡಿದ ರೀತಿ ನೋಡಿ. ಜಾತಿ ಪಟ್ಟಿಗೆ ಬಿತ್ತು ಅಂದರೆ ಅದರ ಜನರ ಹೆಸರು ರಿಜಿಸ್ಟರಿಗೆ, ಬೆರಳಚ್ಚು ಪೊಲೀಸರಿಗೆ. ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಬೇಕು. ಹಾಜರಿ ತಪ್ಪಿದರೆ, ಪಾಸಿಲ್ಲದೆ ಸಂತೆಗೆ ಹೋದರೆ, ಅದಕ್ಕೇ ಶಿಕ್ಷೆ. ಈಗ ಆ ಜಾತಿಯಲ್ಲಿ ಶಿಕ್ಷೆಯಾದವರೆಷ್ಟು ಅಂತ ಎಣಿಸಿದರೆ ಸಂಖ್ಯೆ ದೊಡ್ಡದೇ ಬರುತ್ತೆ. ಅಪ್ಪನಿಗೂ ಶಿಕ್ಷೆ, ಮಗನಿಗೂ ಶಿಕ್ಷೆ. ನೋಡಿದೋರು ವಂಶಪಾರಂಪರ್ಯ ಅನ್ನದೆ ಇನ್ನೇನಂತಾರೆ! ನಮ್ಮ ಭಾಷೆಯಲ್ಲಿ ಹೇಳೋದಾದರೆ ಔಟ್‌ಪುಟ್ಟನ್ನೇ ತಗೊಂಡು ಇನ್‌ಪುಟ್ಟಿಗೆ ತುರುಕಿದ ಸಿಸ್ಟಮ್ ಅದು. ಅಪರಾಧಶಾಸ್ತ್ರಜ್ಞರು ಇವತ್ತು ಜೈವಿಕ ವಿವರಣೆ ಕೇಳಿದ ತಕ್ಷಣ ಹುಬ್ಬೇರಿಸೋದಕ್ಕೆ ಮೊದಲ ಕಾರಣ ಇದೇ. ಅವರ ಕೈಗೆ ಸಿಗೋದು ಶಿಕ್ಷೆಯ ದಾಖಲೆಯೇ ಹೊರತು ವರ್ತನೆಯಲ್ಲ. ಯಾರನ್ನು ಹೆಚ್ಚು ಕಾಯ್ತೀವೋ ಅವರೇ ದಾಖಲೆಯಲ್ಲಿ ಹೆಚ್ಚು.

ಹಾಗಂತ ಎದುರು ಪಕ್ಷದ ಬಲವಾದ ಸಾಕ್ಷಿಯನ್ನು ಬಿಟ್ಟುಬಿಡೋದು ನ್ಯಾಯವಲ್ಲ. ಡೆನ್ಮಾರ್ಕಿನಲ್ಲಿ 1924ರಿಂದ 1947ರವರೆಗೆ ಆದ 14,427 ದತ್ತುಗಳ ಕೋರ್ಟ್ ದಾಖಲೆಯನ್ನು ಸಾರ್ನಾಫ್ ಮೆಡ್ನಿಕ್ ಮತ್ತು ಸಂಗಡಿಗರು ತೆಗೆದು ನೋಡಿ 1984ರಲ್ಲಿ ಪ್ರಕಟಿಸಿದರು. ಹೆತ್ತವರು ಒಬ್ಬರು, ಸಾಕಿದವರು ಇನ್ನೊಬ್ಬರು ಆಗಿರೋದರಿಂದ ಹುಟ್ಟು ಯಾವುದು, ಮನೆ ಯಾವುದು ಅಂತ ಬೇರೆ ಮಾಡಿ ನೋಡಬಹುದು. ಇಬ್ಬರಿಗೂ ಶಿಕ್ಷೆಯಾಗಿಲ್ಲದ ಗಂಡುಮಕ್ಕಳಲ್ಲಿ ಶಿಕ್ಷೆಯಾದವರು ಶೇಕಡಾ 13.5. ಸಾಕಿದವರಿಗೆ ಮಾತ್ರ ಆಗಿದ್ದರೆ 14.7, ಹೆತ್ತವರಿಗೆ ಮಾತ್ರ ಆಗಿದ್ದರೆ 20. ಇಬ್ಬರಿಗೂ ಆಗಿದ್ದರೆ 24.5. ಅಂದರೆ ಹುಟ್ಟಿನ ಕಡೆಯಿಂದ ಏನೋ ಬರ್ತಿದೆ. ಇಲ್ಲ ಅಂತ ಹಟ ಹಿಡಿಯೋದು ನನಗೆ ಸರಿ ಕಾಣಲ್ಲ.

ಆದರೆ ಬಂದಿದ್ದೇನು? ಈ ನಂಟು ಕಾಣಿಸಿದ್ದು ಆಸ್ತಿಗೆ ಸಂಬಂಧಪಟ್ಟ ಅಪರಾಧಗಳಲ್ಲಿ, ಹೊಡೆದಾಟ-ಕೊಲೆಯಂಥವುಗಳಲ್ಲಿ ಕಾಣಲಿಲ್ಲ. ನಾವು “ರಕ್ತದಲ್ಲಿದೆ” ಅನ್ನುವಾಗ ಮನಸ್ಸಿನಲ್ಲಿರೋದು ಬಹುತೇಕ ಕೊಲೆಗಾರ. ಜೊತೆಗೆ, ಎರಡೂ ಕಡೆ ಶಿಕ್ಷೆಯಾದ ಮನೆಯ ಹುಡುಗರಲ್ಲೂ ನಾಲ್ವರಲ್ಲಿ ಮೂವರಿಗೆ ಯಾವ ಶಿಕ್ಷೆಯೂ ಆಗಿಲ್ಲ. ಗುಂಪಿನ ಸರಾಸರಿ ಹಿಡಿದು ಎದುರಿಗೆ ನಿಂತ ಒಬ್ಬ ಹುಡುಗನ ಹಣೆಬರಹ ಓದಲು ಹೋದರೆ ತಪ್ಪಾಗೋದೇ ಹೆಚ್ಚು. ದತ್ತು ಕೊಡುವವರು ಮಗುವಿನ ಹಿನ್ನೆಲೆಗೆ ಹೊಂದುವ ಮನೆಯನ್ನೇ ಹುಡುಕುವುದೂ ಇತ್ತು. ಆದ್ದರಿಂದ ಹುಟ್ಟು-ಮನೆ ಪೂರ್ತಿ ಬೇರೆಯಾಗಿದ್ದವು ಅನ್ನೋ ಹಾಗೂ ಇಲ್ಲ. ಆತುರದ ಸ್ವಭಾವವೋ, ಹೆದರಿಕೆ ಕಡಿಮೆ ಇರೋದೋ ಹುಟ್ಟಿನಿಂದ ಬರಬಹುದು. ಅಂಥ ಹುಡುಗ ಕಳ್ಳನೂ ಆಗಬಹುದು, ಕಬಡ್ಡಿ ಟೀಮಿನ ಒಳ್ಳೇ ರೈಡರೂ ಆಗಬಹುದು.

ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ಕ್ಕೆ ಹೋಯ್ತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ನಮ್ಮಲ್ಲಿ 1961ರಲ್ಲಿ. ಕಾಗದದ ಮೇಲೆ ಅದು ಜಾತಿ ಕೇಳಲ್ಲ, ಆ ವ್ಯಕ್ತಿಗೆ ಹಿಂದೆ ಆದ ಶಿಕ್ಷೆ ಕೇಳುತ್ತೆ. ಆದರೆ ಆ ಶಿಕ್ಷೆಗಳು ಯಾವ ರಿಜಿಸ್ಟರಿನಿಂದ ಶುರುವಾದವು ಅಂತ ಮೇಲೆ ನೋಡಿದೆವಲ್ಲ. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳ ಜಾತಿ ನಿಯಮಗಳನ್ನು ರದ್ದು ಮಾಡಿತು. ಈ ಹಳೇ ಪಟ್ಟಿಯ ಸಮುದಾಯಗಳವರನ್ನು ಮನಸ್ಸಿಗೆ ಬಂದ ಹಾಗೆ ಬಂಧಿಸಬಾರದು ಅಂತ ಪೊಲೀಸರಿಗೂ ಹೇಳಿತು. ಪಟ್ಟಿ ಹರಿದು 72 ವರ್ಷವಾದ ಮೇಲೂ ಅದನ್ನು ಹೇಳಬೇಕಾಗಿ ಬಂತು.