ಮೂರೂವರೆಯ ಸಂದೇಶ, ಅರೆಬೆಂದ ಲೆಕ್ಕ

ಪೇಟೆ ಮುಚ್ಚುವುದು ಮಧ್ಯಾಹ್ನ 3.30ಕ್ಕೆ. ಒಂದೇ ನಿಮಿಷದಲ್ಲಿ ಮೊಬೈಲಿಗೆ ಸಂದೇಶ ಬಂದಿರುತ್ತದೆ: ಕೈಯಲ್ಲಿರುವ ಷೇರು ಇಷ್ಟು, ಇವತ್ತಿನ ಲಾಭ ಇಷ್ಟು, ಅಲರ್ಟ್ ಬಡಿದ ಷೇರು ಇಂಥವು. ದಿನವಿಡೀ ಪರದೆ ನೋಡುವ ಚಟ ಬಿಡಿಸಲು ಇದು ಒಳ್ಳೆಯ ಉಪಾಯವೇ. ಆದರೆ ಈ ಸಂದೇಶಗಳ ಹುಳುಕು ಇರುವುದು ಅವಸರದಲ್ಲಿ.

3.30ರ ಕೊನೆಯ ವಹಿವಾಟಿನ ಬೆಲೆ ಬೇರೆ, ಆ ದಿನದ ಮುಕ್ತಾಯ ಬೆಲೆ ಬೇರೆ. ಎನ್‌ಎಸ್‌ಇಯಲ್ಲಿ ಬಹುಕಾಲದಿಂದ ನಡೆದು ಬಂದ ಕ್ರಮದಲ್ಲಿ, ಕೊನೆಯ ಅರ್ಧ ಗಂಟೆಯ ಎಲ್ಲ ವಹಿವಾಟಿನ ತೂಕದ ಸರಾಸರಿಯೇ ಮುಕ್ತಾಯ ಬೆಲೆ. ಹಾಗಾಗಿ 3.31ರ ಲೆಕ್ಕ ಸಂಜೆಯ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಮ್ಯೂಚುವಲ್ ಫಂಡ್ ಇದ್ದರಂತೂ ಅವುಗಳ ಎನ್‌ಎವಿ ಬರುವುದು ರಾತ್ರಿಗೆ. ಮೂರೂವರೆಯ ಸಂದೇಶದಲ್ಲಿರುವುದು ನಿನ್ನೆಯ ಅಂಕಿ.

ಇದಾದರೂ ಪೈಸೆ, ರೂಪಾಯಿಗಳ ವ್ಯತ್ಯಾಸ. ನಿಜವಾದ ಪೇಚು ಬೋನಸ್ ದಿನದ್ದು. 2024ರ ಅಕ್ಟೋಬರ್ 28ರಂದು ರಿಲಯನ್ಸ್ ಷೇರು ಒಂದಕ್ಕೊಂದು ಬೋನಸ್ ಲೆಕ್ಕದಲ್ಲಿ ವಹಿವಾಟಿಗೆ ಬಂತು. ಹಿಂದಿನ ಮುಕ್ತಾಯ ಸುಮಾರು 2,655 ರೂಪಾಯಿ, ಅಂದಿನದು ಸುಮಾರು 1,334. 20 ಷೇರು ಇಟ್ಟುಕೊಂಡವರೊಬ್ಬರನ್ನು ಊಹಿಸಿಕೊಳ್ಳಿ. ಹಿಂದಿನ ದಿನ ಅವರ ಗಂಟು 53,100 ರೂಪಾಯಿ. ಬೋನಸ್ ಷೇರು ಡಿಮ್ಯಾಟ್ ಖಾತೆಗೆ ಅದೇ ದಿನ ಬಂದು ಬೀಳುವುದಿಲ್ಲ. ಖಾತೆಯ ಸಂಖ್ಯೆಯನ್ನೇ ನಂಬಿದ ಸಂದೇಶ 20ನ್ನು 1,334ರಿಂದ ಗುಣಿಸಿ, 26,420 ರೂಪಾಯಿ ನಷ್ಟವೆಂದು ಸಾರುತ್ತದೆ. 2,500ಕ್ಕೆ ಇಳಿದರೆ ತಿಳಿಸು ಎಂದು ಇಟ್ಟ ಅಲರ್ಟೂ ಬಡಿದುಕೊಳ್ಳುತ್ತದೆ. ಅಸಲಿ ಲೆಕ್ಕದಲ್ಲಿ ಅವರದು 40 ಷೇರು, 53,360 ರೂಪಾಯಿ: ಅಂದರೆ 260 ರೂಪಾಯಿ ಲಾಭ!

ಬೋನಸ್ ಪಟ್ಟಿಯನ್ನು ಬೆಳಿಗ್ಗೆಯೇ ನೋಡಿ, ಒಂದಕ್ಕೊಂದು ಬೋನಸ್ ಆಗಿದ್ದರೆ ಷೇರಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಕೊಂಡ ಸರಾಸರಿ ಬೆಲೆಯನ್ನೂ ಅಲರ್ಟಿನ ಮಿತಿಯನ್ನೂ ಎರಡರಿಂದ ಭಾಗಿಸಿದರೆ ಈ ಸುಳ್ಳು ಗಾಬರಿ ತಪ್ಪುತ್ತದೆ. ಮೂರರಲ್ಲಿ ಒಂದನ್ನು ಮರೆತರೂ ಲೆಕ್ಕ ಕೆಡುತ್ತದೆ. ಹೆಚ್ಚಾಗಿ ಮರೆತುಹೋಗುವುದು ಅಲರ್ಟು.

ಅಲರ್ಟಿನದೇ ಇನ್ನೊಂದು ತಕರಾರಿದೆ. ಬೆಲೆ ಮಿತಿಗಿಂತ ಕೆಳಗಿರುವಷ್ಟು ದಿನವೂ ಅದೇ ಸಾಲು ಬರುತ್ತಿದ್ದರೆ, ನಾಲ್ಕನೇ ದಿನ ಯಾರೂ ಓದುವುದಿಲ್ಲ. ಗೆರೆ ದಾಟಿದ ದಿನ ಮಾತ್ರ ಹೇಳಬೇಕು. ದಿನದ ಮಧ್ಯೆ ಗೆರೆ ತಟ್ಟಿ ಮೇಲೆದ್ದ ಬೆಲೆಯೋ, ಕೆಳಗೇ ಮುಗಿದ ಬೆಲೆಯೋ ಎಂಬುದನ್ನೂ ತಿಳಿಸಬೇಕು. ಎರಡಕ್ಕೂ ಒಂದೇ ಕೆಂಪು ಗುರುತು ಹಾಕುವುದು ಸೋಮಾರಿತನ.

ವಿನಿಮಯ ಕೇಂದ್ರದ ದಿನದ ಬೆಲೆಪಟ್ಟಿ, ಅಂದರೆ ಭಾವ್‌ಕಾಪಿ, ಸಂಜೆ ಬಂದ ಮೇಲೆ ಹೊರಡುವ ಸಂದೇಶವೇ ಮೇಲು. ನಿಮಗೆ ಬರುತ್ತಿರುವುದು ಎಂಥದು ಎಂದು ತಿಳಿಯಬೇಕಿದ್ದರೆ, ನಿಮ್ಮ ಯಾವುದಾದರೂ ಕಂಪನಿ ಮುಂದಿನ ಸಲ ಬೋನಸ್ ಕೊಟ್ಟ ದಿನ ಅದನ್ನು ತೆರೆದು ನೋಡಿ.