ಕಪ್ಪು ಮೂಲೆಗೆ ತೆರುವ ಬೆಲೆ

ವೈಡ್ ಆ್ಯಂಗಲ್ ಲೆನ್ಸಿನಲ್ಲಿ ತೆಗೆದ ಚಿತ್ರ ಎದುರಿಗೆ ಬಂದಾಗ ಕಣ್ಣು ನೇರ ನಡುವಿಗೆ ಹೋಗುತ್ತದೆ. ಹೊಸ ರಸಿಕರು ಒಂದು ಅಭ್ಯಾಸ ಮಾಡಿಕೊಳ್ಳಬೇಕು: ನಡುವನ್ನು ಆಮೇಲೆ ನೋಡಿ, ಮೊದಲು ನಾಲ್ಕು ಮೂಲೆಗಳನ್ನು ನೋಡಿ. ಅಲ್ಲಿ ಕತ್ತಲೆ ಇದೆಯೇ, ಇದ್ದರೆ ಯಾವ ಬಗೆಯದು ಎಂಬುದು ತಿಳಿದರೆ ಛಾಯಾಗ್ರಾಹಕ ಎಲ್ಲಿ ಕತ್ತರಿ ಹಾಕಬೇಕಿತ್ತು, ಎಲ್ಲಿ ಸುಮ್ಮನೆ ಬಿಡಬೇಕಿತ್ತು ಎಂದು ಹೇಳಬಹುದು.

ಕತ್ತಲೆಯಲ್ಲಿ ಎರಡು ಜಾತಿ. ನಡುವಿನಿಂದ ಹೊರಕ್ಕೆ ಹೋದಂತೆ ಬೆಳಕು ಮೆಲ್ಲಗೆ ಇಳಿಯುತ್ತ ಮೂಲೆಯಲ್ಲಿ ಮಂಕಾಗುವುದು ಒಂದು. ಅಗಲ ನೋಟದ ಲೆನ್ಸಿನಲ್ಲಿ ಮೂಲೆಗೆ ಬೀಳುವ ಬೆಳಕು ತೀರಾ ಓರೆಯಾಗಿ ಬರುತ್ತದೆ, ಮೇಲಾಗಿ ಅಪರ್ಚರ್ ಪೂರ್ತಿ ತೆರೆದಾಗ ಲೆನ್ಸಿನ ಕೊಳವೆಯೇ ಅದರಲ್ಲಿ ಒಂದಷ್ಟನ್ನು ತಡೆಯುತ್ತದೆ. ಎರಡು ಸ್ಟಾಪ್ ಕಿರಿದು ಮಾಡಿದರೆ ಕೊಳವೆಯ ಪಾಲು ಬಹುಮಟ್ಟಿಗೆ ಹೋಗುತ್ತದೆ, ಓರೆಯ ಪಾಲು ಉಳಿಯುತ್ತದೆ. ಇಂಥ ಮಂಕಿಗೆ ಕತ್ತರಿ ಬೇಡ. ಅಲ್ಲಿ ಚಿತ್ರವಿದೆ, ಬೆಳಕಷ್ಟೇ ಕಡಿಮೆ. ಸಾಫ್ಟ್‌ವೇರಿನಲ್ಲಿ ಬೆಳಗಿಸಿಕೊಳ್ಳಬಹುದು, ಮೂಲೆಯಲ್ಲಿ ಸ್ವಲ್ಪ ಕಾಳುಕಾಳು ಕಂಡೀತು, ಅಷ್ಟೆ. 1900ರಲ್ಲಿ ಬಂದ ಗೋರ್ಟ್ಸ್ ಕಂಪನಿಯ ಹೈಪರ್ಗಾನ್ ಲೆನ್ಸಿನಲ್ಲಿ ಈ ಇಳಿತ ಎಷ್ಟಿತ್ತೆಂದರೆ, ಅದರ ಮುಂದೆ ನಕ್ಷತ್ರದಾಕಾರದ ಪುಟ್ಟ ತಗಡೊಂದನ್ನು ಕೂರಿಸಿ, ರಬ್ಬರ್ ಬುಗ್ಗೆ ಒತ್ತಿ ಗಾಳಿ ಊದಿ ಗಿರಗಿರನೆ ತಿರುಗಿಸುತ್ತಿದ್ದರು. ನಡುವಿನ ಬೆಳಕನ್ನು ತಗಡು ತಡೆಯುತ್ತಿತ್ತು, ಅಷ್ಟು ಹೊತ್ತು ಮೂಲೆಗೆ ಬೆಳಕು ಕೂಡುತ್ತಿತ್ತು.

ಇನ್ನೊಂದು ಜಾತಿ ಗಟ್ಟಿ ಕತ್ತಲೆ. ಲೆನ್ಸಿನ ಮುಂದೆ ಏನೋ ಅಡ್ಡ ಬಂದಿರುತ್ತದೆ: ಯುವಿ ಫಿಲ್ಟರಿನ ಮೇಲೆ ತಿರುಗಿಸಿ ಕೂರಿಸಿದ ಪೋಲರೈಸರಿನ ದಪ್ಪ ಬಳೆ, ಇಲ್ಲವೇ ಬೇರೆ ಲೆನ್ಸಿನ ಹುಡ್. ಇಲ್ಲಿ ಅಪರ್ಚರ್ ಕಿರಿದು ಮಾಡಿದರೆ ಕತ್ತಲೆ ಹೋಗುವುದಿಲ್ಲ, ಅದರ ಅಂಚು ಇನ್ನಷ್ಟು ಚೂಪಾಗುತ್ತದೆ. ಗುರುತಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆ ಜಾಗದಲ್ಲಿ ಚಿತ್ರವೇ ಇಲ್ಲದ ಮೇಲೆ ಬೆಳಗಿಸುವುದೇನನ್ನು? ಕತ್ತರಿಸಲೇಬೇಕು. ಒಂದು ಎಚ್ಚರಿಕೆ: ಪೋಲರೈಸರ್ ಹಾಕಿದ ಅಗಲ ಚಿತ್ರದಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗುವುದುಂಟು. ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಅದರ ಪ್ರಭಾವ ಜೋರು. ಅದನ್ನು ಮೂಲೆಯ ಕತ್ತಲೆ ಎಂದುಕೊಳ್ಳಬೇಡಿ. ಬಳೆಯಿಂದಾದ ಮೂಲೆಯ ಕತ್ತಲೆ ನಾಲ್ಕೂ ಕಡೆ ಸಮನಾಗಿರುತ್ತದೆ.

ಈಗ ಒಂದು ಚಿತ್ರವನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕೋಣ. ವಿಜಯಪುರದ ಗೋಳಗುಮ್ಮಟದ ಎದುರು, ದಕ್ಷಿಣದಲ್ಲಿ, ಈಗ ವಸ್ತುಸಂಗ್ರಹಾಲಯವಿರುವ ನಗಾರಖಾನೆಯ ಕಟ್ಟಡವಿದೆ. ಅದನ್ನು ಬೆನ್ನ ಹಿಂದೆ ಬಿಟ್ಟು ನಿಂತರೆ ಗುಮ್ಮಟವನ್ನು ಇಡಿಯಾಗಿ ಹಿಡಿಯಲು ಅಗಲ ಲೆನ್ಸೇ ಬೇಕು. ಫುಲ್ ಫ್ರೇಮ್ ಕ್ಯಾಮೆರಾ, 16 ಮಿ.ಮೀ. ಲೆನ್ಸ್, ಎರಡು ಫಿಲ್ಟರುಗಳ ಜೋಡಿ ಎಂದಿಟ್ಟುಕೊಳ್ಳಿ. ಚಿತ್ರದ ಅಳತೆ 6000 × 4000 ಪಿಕ್ಸೆಲ್. ಎಡಕ್ಕೂ ಬಲಕ್ಕೂ ಏಳಂತಸ್ತಿನ ಮಿನಾರುಗಳು. ಅವು ಅಂಚಿನಿಂದ ಸುಮಾರು 500 ಪಿಕ್ಸೆಲ್ ಒಳಗಿವೆ. ಗುಮ್ಮಟದ ತುದಿ ಮೇಲಂಚಿನಿಂದ 400 ಪಿಕ್ಸೆಲ್ ಕೆಳಗಿದೆ. ಮೇಲಿನ ಎರಡು ಮೂಲೆಗಳಲ್ಲಿ ನೀಲಿ ಆಕಾಶದ ಮೇಲೆ, ಕೆಳಗಿನ ಎರಡರಲ್ಲಿ ಹುಲ್ಲಿನ ಮೇಲೆ ಕಪ್ಪು ಬಾಗು.

ಅಳೆಯುವ ಮುನ್ನ ಲೆನ್ಸಿನ ಪ್ರೊಫೈಲ್ ತಿದ್ದುಪಡಿ ಮಾಡಿ ಮುಗಿಸಿರಬೇಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅದು Lens Corrections ಅಡಿಯ Enable Profile Corrections. ಉಬ್ಬಿದ ಗೆರೆಗಳನ್ನು ನೆಟ್ಟಗೆ ಮಾಡುವಾಗ ಅದು ಚಿತ್ರವನ್ನು ಎಳೆದು ಅಂಚನ್ನು ತಾನೇ ಒಂದಷ್ಟು ಹೊರಗೆ ಹಾಕುತ್ತದೆ. ಕತ್ತಲೆಯ ಒಂದು ಭಾಗ ಅಲ್ಲೇ ಹೋಗಿಬಿಡಬಹುದು. ಮೊದಲು ಕತ್ತರಿಸಿ ಆಮೇಲೆ ತಿದ್ದಿದರೆ ಎರಡು ಸಲ ಸುಂಕ ಕಟ್ಟಿದ ಹಾಗೆ.

ತಿದ್ದಿದ ಮೇಲೂ ಉಳಿದ ಕಪ್ಪನ್ನು ಅಂಚಿನ ಮೇಲೆಯೇ ಅಳೆಯಿರಿ. ನಮ್ಮ ಚಿತ್ರದಲ್ಲಿ ಮೇಲಂಚಿನ ಉದ್ದಕ್ಕೆ ಮೂಲೆಯಿಂದ 338 ಪಿಕ್ಸೆಲ್, ಪಕ್ಕದಂಚಿನಲ್ಲಿ ಮೂಲೆಯಿಂದ ಕೆಳಕ್ಕೆ 555 ಪಿಕ್ಸೆಲ್ ಕಪ್ಪಿದೆ. ಬೆಳಕಿನ ವೃತ್ತ ಚಿತ್ರದ ನಡುವಿನಿಂದ 3330 ಪಿಕ್ಸೆಲ್ ದೂರದವರೆಗೆ ಬಂದು ನಿಂತಿದೆ ಎಂದು ಇದರ ಅರ್ಥ. ಅಡ್ಡ ಚಿತ್ರದಲ್ಲಿ ಕಪ್ಪು ಯಾವಾಗಲೂ ಅಗಲಕ್ಕಿಂತ ಎತ್ತರವಾಗಿರುತ್ತದೆ, ಏಕೆಂದರೆ ಪಕ್ಕದ ಅಂಚು ನಡುವಿನಿಂದ ಹೆಚ್ಚು ದೂರ. ನಾಲ್ಕೂ ಮೂಲೆಗಳ ಕಪ್ಪನ್ನು ಒಟ್ಟುಗೂಡಿಸಿದರೆ ಇಡೀ ಚಿತ್ರದ ಶೇ. 1.5ರಷ್ಟೂ ಆಗುವುದಿಲ್ಲ. ಇಷ್ಟು ಚಿಕ್ಕ ಕೊಳೆ ತೆಗೆಯಲು ಎಷ್ಟು ಬಟ್ಟೆ ಕತ್ತರಿಸಬೇಕು ಎಂಬುದು ನೀವು ಯಾವ ಕಡೆಯಿಂದ ಕತ್ತರಿ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೇಲಿನಿಂದಲೂ ಕೆಳಗಿನಿಂದಲೂ 555 ಪಿಕ್ಸೆಲ್ ತೆಗೆದರೆ ಕಪ್ಪು ಹೋಗುತ್ತದೆ, ಜೊತೆಗೆ ಚಿತ್ರದ ಶೇ. 28 ಹೋಗುತ್ತದೆ. ಎಡದಿಂದಲೂ ಬಲದಿಂದಲೂ 338 ತೆಗೆದರೆ ಹೋಗುವುದು ಶೇ. 11 ಮಾತ್ರ, ಉಳಿದದ್ದು 5324 × 4000, ಹೆಚ್ಚುಕಡಿಮೆ 4:3 ಅನುಪಾತ. ಮೂಲದ 3:2 ಅನುಪಾತ ಕಾಪಾಡಿಕೊಂಡೇ ನಾಲ್ಕೂ ಕಡೆ ಒಳಗೆ ಸರಿದರೆ 5541 × 3694 ಸಿಗುತ್ತದೆ, ಶೇ. 15 ಹೋಗುತ್ತದೆ. ಸಿನಿಮಾದಂತೆ ಕಾಣಲೆಂದು 16:9ಕ್ಕೆ ಇಳಿಸಿದವರಿಗೆ ಉಳಿಯುವುದು 5805 × 3265, ಶೇ. 21 ನಷ್ಟ. ವೃತ್ತದೊಳಗೆ ಕೂರುವ ಆಯತಗಳಲ್ಲಿ ಚೌಕಕ್ಕೇ ಹೆಚ್ಚು ಜಾಗ, ಆಯತ ಉದ್ದವಾದಷ್ಟೂ ಜಾಗ ಕಡಿಮೆ. ಹಾಗಾಗಿ ಮೂಲೆ ಕಪ್ಪಾದ ಚಿತ್ರವನ್ನು ಇನ್ನೂ ಉದ್ದಕ್ಕೆ ಎಳೆಯುವುದು ದುಬಾರಿ ಉಪಾಯ. ‘ಮೇಲೆ ಕೆಳಗೆ ಸ್ವಲ್ಪ ತೆಗೆದುಬಿಡಿ, ಪನೋರಮಾ ಹಾಗೆ ಕಾಣುತ್ತೆ’ ಎಂಬ ಸಲಹೆ ಕ್ಯಾಮೆರಾ ಕ್ಲಬ್ಬುಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಕೇಳುವ ಮುನ್ನ ಈ ಲೆಕ್ಕ ನೆನಪಿರಲಿ.

ಹಾಗಾದರೆ ಶೇ. 11ರ ಕತ್ತರಿಯೇ ಸರಿಯೇ? ಲೆಕ್ಕ ಹೌದು ಎನ್ನುತ್ತದೆ, ಚಿತ್ರ ಅಲ್ಲ ಎನ್ನುತ್ತದೆ. ಪಕ್ಕದಿಂದ 338 ತೆಗೆದ ಮೇಲೆ ಮಿನಾರಿಗೂ ಅಂಚಿಗೂ ನಡುವೆ ಉಳಿದದ್ದು 160 ಪಿಕ್ಸೆಲಿನ ಆಕಾಶ. ಮಿನಾರಿನ ಏಳೂ ಅಂತಸ್ತುಗಳ ಕಮಾನುಗಳು ಹೊರಗಡೆಗೆ ಬಾಯಿ ತೆರೆದಿವೆ. ಆ ಬಾಯಿಯ ಎದುರಿಗೇ ಗೋಡೆ ತಂದು ನಿಲ್ಲಿಸಿದಂತಾಯಿತು. ಮೇಲ್ಗಡೆ ಮಾತ್ರ 400 ಪಿಕ್ಸೆಲ್ ಆಕಾಶ ಹಾಗೇ ಬಿದ್ದಿದೆ. 3:2 ಕತ್ತರಿಯಲ್ಲಿ ಪಕ್ಕಕ್ಕೆ ಸುಮಾರು 230, ಮೇಲೆ ಕೆಳಗೆ 153 ಹೋಗುತ್ತದೆ. ಮಿನಾರಿನ ಹೊರಗೆ 270 ಪಿಕ್ಸೆಲ್, ಗುಮ್ಮಟದ ಮೇಲೆ 247: ಎರಡೂ ಕಡೆ ಬಹುತೇಕ ಸಮನಾದ ಉಸಿರು. ಶೇಕಡಾ ನಾಲ್ಕರಷ್ಟು ಹೆಚ್ಚು ತೆತ್ತರೂ ನಾನು ಇದನ್ನೇ ಆರಿಸುತ್ತೇನೆ. ಇನ್ನು 555ರ ಕತ್ತರಿ ಗುಮ್ಮಟದ ನೆತ್ತಿಯನ್ನೇ ಹಾರಿಸುತ್ತದೆ, ಅದರ ಮಾತೇ ಬೇಡ.

ನಷ್ಟವನ್ನು ತೂಗಲು ಶೇಕಡಾವಾರಿಗಿಂತ ಲೆನ್ಸಿನ ಭಾಷೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶೇ. 15 ಎಂದರೆ ಗಾಬರಿಯಾಗುತ್ತದೆ. ಅದೇ 3:2 ಕತ್ತರಿಯಾದ ಮೇಲೆ 16 ಮಿ.ಮೀ. ಚಿತ್ರ ಸುಮಾರು 17.3 ಮಿ.ಮೀ. ಲೆನ್ಸಿನ ಚಿತ್ರದಂತಾಯಿತು ಎಂದರೆ ಸಮಾಧಾನ. ಅಡ್ಡಲಾಗಿ 97 ಡಿಗ್ರಿ ಇದ್ದ ನೋಟ 92 ಆಗಿದೆ. ಅಗಲದಲ್ಲಿ ಹೋದದ್ದು ಶೇ. 8ರಷ್ಟು, ನೋಟದಲ್ಲಿ ಶೇ. 5ರಷ್ಟೇ; ಏಕೆಂದರೆ ಇಂಥ ಲೆನ್ಸ್ ಅಂಚಿನಲ್ಲಿರುವುದನ್ನು ಹಿಗ್ಗಿಸಿ ತೋರಿಸುತ್ತದೆ, ಅಲ್ಲಿ ಪಿಕ್ಸೆಲ್ ಹೆಚ್ಚು, ದೃಶ್ಯ ಕಡಿಮೆ. ಮಿನಾರಿನ ತುದಿಯ ಪುಟ್ಟ ಗುಮ್ಮಟಗಳನ್ನು ಹತ್ತಿರದಿಂದ ನೋಡಿ: ಎರಡೂ ಹೊರಕ್ಕೆ ಎಳೆದಂತೆ ಓರೆ ಮೊಟ್ಟೆಯಾಗಿರುತ್ತವೆ.

ಬೇರೆಯವರ ಚಿತ್ರ ನೋಡುವಾಗಲೂ ಈ ಮೊಟ್ಟೆಗಳು ಸುಳಿವು ಕೊಡುತ್ತವೆ. ಲೆನ್ಸಿನ ಹಿಗ್ಗುವಿಕೆ ಅದರ ನಡುವಿನಿಂದ ಎರಡೂ ಕಡೆಗೆ ಸಮ. ನೇರ ಎದುರಿನಿಂದ ತೆಗೆದಂತೆ ಕಾಣುವ ಚಿತ್ರದಲ್ಲಿ ಎಡದ ಮಿನಾರು ಬಲದ್ದಕ್ಕಿಂತ ದಪ್ಪಗಿದ್ದರೆ, ಬಲಗಡೆಯಿಂದ ಹೆಚ್ಚು ಕತ್ತರಿಸಿರಬಹುದು ಎಂದು ಊಹಿಸಿ.

ಕತ್ತರಿಸದೆ ಬಿಡುವುದೂ ಉಂಟು. ಪ್ಯಾರಿಸ್ಸಿನ ಯೂಜೀನ್ ಅಟ್ಜೆ (1857–1927) 18 × 24 ಸೆಂ.ಮೀ. ಗಾಜಿನ ಪ್ಲೇಟುಗಳಲ್ಲಿ ಬೀದಿ, ಅಂಗಡಿ, ಬಾಗಿಲುಗಳನ್ನು ಹಿಡಿದವನು. ಅವನ ಎಷ್ಟೋ ಚಿತ್ರಗಳ ಮೇಲಿನ ಎರಡು ಮೂಲೆಗಳು ಕಮಾನಿನಂತೆ ಕಪ್ಪಾಗಿವೆ, ಕೆಳಗಿನವು ಸ್ವಚ್ಛ. ಕಟ್ಟಡದ ಗೋಡೆಗಳು ಓರೆಯಾಗದಂತೆ ಕ್ಯಾಮೆರಾವನ್ನು ನೆಟ್ಟಗೆ ಇಟ್ಟು, ಮೇಲ್ಭಾಗ ಸಿಗಲೆಂದು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸುತ್ತಿದ್ದ. ಬೆಳಕಿನ ವೃತ್ತ ಪ್ಲೇಟಿನ ಮೇಲಿನ ಮೂಲೆಗಳಿಗೆ ತಲುಪುತ್ತಿರಲಿಲ್ಲ. ಅಲ್ಲಿ ಕತ್ತರಿಸಿದರೆ ಅವನು ಲೆನ್ಸ್ ಎತ್ತಿದ್ದೇ ಯಾವ ಮಾಡಿಗಾಗಿಯೋ ಆ ಮಾಡು ಹೋಗುತ್ತದೆ. ಫಿಲ್ಟರಿನ ಬಳೆ ಬಿಟ್ಟ ಕಪ್ಪಿಗೆ ಇಂಥ ಸಮರ್ಥನೆ ಇಲ್ಲ.

ಕೊನೆಗೆ ಪ್ರಿಂಟ್. ಲ್ಯಾಬಿನ 12 × 18 ಇಂಚಿನ ಕಾಗದ 3:2 ಅನುಪಾತದ್ದು. ನಮ್ಮ 5541 × 3694 ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲೂ ಅದನ್ನು ತುಂಬಿ ಮಿಗುತ್ತದೆ. ಶೇ. 11 ಮಾತ್ರ ಕಳೆದುಕೊಂಡೆವೆಂದು ಹಿಗ್ಗಿದ 5324 × 4000 ಚಿತ್ರವನ್ನು ಅದೇ ಕಾಗದಕ್ಕೆ ಕೊಟ್ಟರೆ ಲ್ಯಾಬಿನವರು ಮೇಲೆ ಕೆಳಗೆ ಸೇರಿ ಇನ್ನೂ 450 ಪಿಕ್ಸೆಲ್ ಹಾರಿಸುತ್ತಾರೆ; ಒಟ್ಟು ನಷ್ಟ ಶೇ. 21 ಆಗುತ್ತದೆ. ಆ ಚಿತ್ರವೇ ಬೇಕಿದ್ದರೆ 12 × 16 ಕಾಗದ ಕೇಳಿ, ಇಲ್ಲವೇ ಅಂಚಿನಲ್ಲಿ ಬಿಳಿ ಬಿಟ್ಟು ಪೂರ್ತಿ ಚಿತ್ರ ಹಾಕಿ ಎಂದು ಆರ್ಡರಿನಲ್ಲೇ ಬರೆದುಕೊಡಿ.